ತೇಗದ ಬುಡ ಹೇಳಿದ ವಯಸ್ಸು

ನನ್ನ ತವರು ನ್ಯಾಮತಿ ಕಡೆಯ ಹಳ್ಳಿ. 2024ರ ಬೇಸಿಗೆಯಲ್ಲಿ ತಮ್ಮ ಅನುಮತಿ ಪಡೆದು ಬದುವಿನ ತೇಗ ಕಡಿಸಿದ. ಮರ ಉರುಳಿದ ಮಾರನೇ ದಿನವೇ ಚಿಕ್ಕಪ್ಪ ಬಂದು, "ಅದು ನಮ್ಮಪ್ಪ ಹಾಕಿದ ಮರ, ನಂಗೂ ಪಾಲು ಬರ್ಬೇಕು" ಅಂದರಂತೆ. ಅಪ್ಪ, ಚಿಕ್ಕಪ್ಪ ಬೇರೆಯಾದದ್ದು 1979ರಲ್ಲಿ. ಆ ವಿಭಾಗಪತ್ರದಲ್ಲಿ ನಮ್ಮೂರು ಇನ್ನೂ ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲ್ಲೂಕು. ಮರ ಅದಕ್ಕೂ ಹಿಂದಿನದೋ, ಆಮೇಲಿನದೋ ಅನ್ನೋದೇ ಜಗಳ.

ಜಗಳೂರಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತಳಾದ ನನಗೆ ತಮ್ಮನ ಮಗ ಫೋಟೋ ಕಳಿಸಿ, "ಅತ್ತೆ, ಉಂಗುರ ಎಣಿಸಿ ಹೇಳ್ರಿ" ಅಂದ. ಪಕ್ಕದಲ್ಲಿ ಸ್ಕೇಲ್ ಇತ್ತು, ಆದರೆ ನೆಲದ ಮೇಲೆ. ಬುಡ ನೆಲದಿಂದ ಒಂದಡಿ ಎತ್ತರ. ಕ್ಯಾಮೆರಾ ಬುಡದಿಂದ ಮೂರಡಿ ಮೇಲಿದ್ದರೆ ಸ್ಕೇಲಿಗೆ ನಾಲ್ಕಡಿ ದೂರ. ದೂರದ ಸ್ಕೇಲ್ ಚಿಕ್ಕದಾಗಿ ಕಾಣುತ್ತೆ, ಅದರಿಂದ ಅಳೆದರೆ ಮರ ಇರುವುದಕ್ಕಿಂತ ಮೂರನೇ ಒಂದು ಪಾಲು ದಪ್ಪ ಬರುತ್ತೆ. ಹಾಗಾಗಿ ಕೊಯ್ದ ಮೈಮೇಲೇ ಸ್ಕೇಲ್ ಇಟ್ಟು, ನೇರ ಮೇಲಿಂದ ತೆಗೆದು, ವಾಟ್ಸಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿದೆ. ಸುಮ್ಮನೆ ಕಳಿಸಿದರೆ ಫೋಟೋ ಕುಗ್ಗಿ ಸಣ್ಣ ಉಂಗುರಗಳು ಅಳಿಸಿಹೋಗುತ್ತವೆ.

ಇದು ತೇಗವಾದದ್ದು ಅದೃಷ್ಟ. ನಮ್ಮ ಮನೆ ಹಿಂದಿನ ಹುಣಸೆಯಾಗಿದ್ದರೆ ಕೈಬಿಡುತ್ತಿದ್ದೆ, ಅದರಲ್ಲಿ ವರ್ಷದ ಗೆರೆ ಸ್ಪಷ್ಟವಿರಲ್ಲ. ತೇಗ ಬೇಸಿಗೆಯಲ್ಲಿ ಎಲೆ ಉದುರಿಸಿ ಬೆಳವಣಿಗೆ ನಿಲ್ಲಿಸುತ್ತೆ. ಮತ್ತೆ ಬೆಳೆಯಲು ಶುರುಮಾಡಿದಾಗ ಮೊದಲು ದೊಡ್ಡ ರಂಧ್ರಗಳ ಸಾಲೊಂದನ್ನು ಕಟ್ಟುತ್ತೆ. ಆ ಸಾಲೇ ಹೊಸ ವರ್ಷದ ಗುರುತು. ಪುಣೆಯ ಹವಾಮಾನ ವಿಜ್ಞಾನ ಸಂಸ್ಥೆಯವರು ಕೇರಳದ ತೇಗದ ಉಂಗುರಗಳಿಂದಲೇ ಹಳೆಯ ಕಾಲದ ಮಳೆಯನ್ನು ಓದಿದ್ದಾರೆ.

ಎರಡನೇ ಫೋಟೋದಲ್ಲಿ 30 ಸೆಂ.ಮೀ. ಸ್ಕೇಲ್ 900 ಪಿಕ್ಸೆಲ್ ಉದ್ದವಿತ್ತು. ಅಂದರೆ ಸೆಂಟಿಮೀಟರಿಗೆ 30. ತೊಗಟೆ ಬಿಟ್ಟು ಬುಡದ ಉದ್ದನೆಯ ಅಡ್ಡಳತೆ 1470, ಗಿಡ್ಡದ್ದು 1290. ಸರಾಸರಿ 1380 ಪಿಕ್ಸೆಲ್, ಅಂದರೆ 46 ಸೆಂ.ಮೀ. ಅರ್ಧ 23. ತಿರುಳು ಸರಿಯಾಗಿ ನಡುವೆ ಇರಲಿಲ್ಲ. ಅದಕ್ಕೇ ತಿರುಳಿನಿಂದ ಅಂಚಿಗೆ 23 ಸೆಂ.ಮೀ. ಸಿಗುವ ಕಡೆ ಗೆರೆ ಎಳೆದುಕೊಂಡೆ.

ಹೊರಗಿನ 6 ಸೆಂ.ಮೀ. ಸ್ಪಷ್ಟವಾಗಿತ್ತು. ಎಣಿಸಿದರೆ 15 ಉಂಗುರ, ಒಂದೊಂದು 4 ಮಿ.ಮೀ. 230ನ್ನು 4ರಿಂದ ಭಾಗಿಸಿದರೆ 57 ವರ್ಷ, ಅಂದರೆ 1967! ಚಿಕ್ಕಪ್ಪನೇ ಸರಿ ಅಂದುಕೊಂಡು ಫೋನ್ ಕೈಗೆತ್ತಿಕೊಂಡವಳು ಮತ್ತೊಮ್ಮೆ ತಿರುಳಿನ ಕಡೆ ನೋಡಿದೆ. ಅಲ್ಲಿ 5 ಸೆಂ.ಮೀ.ಗೆ ಬರೀ 5 ಉಂಗುರ! ಎಳೆಯ ತೇಗ ಬೇಗ ದಪ್ಪಗಾಗುತ್ತೆ, ವಯಸ್ಸಾದಂತೆ ಉಂಗುರ ಸಣ್ಣದಾಗುತ್ತೆ. ಅಂಚಿನ ಅಳತೆಯನ್ನೇ ಇಡೀ ಮರಕ್ಕೆ ಹಿಡಿದರೆ ವಯಸ್ಸು ಸುಳ್ಳೇ ಏರುತ್ತೆ.

ನಡುವಿನ 12 ಸೆಂ.ಮೀ. ಗರಗಸದ ಗೀರಿನಲ್ಲಿ ಮುಚ್ಚಿತ್ತು. ಅಲ್ಲಿಗೆ 10 ಮತ್ತು 4ರ ನಡುವಿನ 7 ಮಿ.ಮೀ. ಹಿಡಿದೆ, 17 ಉಂಗುರ. ಒಟ್ಟು 15, 17, 5 ಸೇರಿ 37. ಊಹೆಯ ಭಾಗ ಇರುವುದರಿಂದ ಐದು ವರ್ಷ ಆಚೀಚೆ ಬಿಟ್ಟೆ. ಆದರೂ 1982ಕ್ಕಿಂತ ಹಿಂದೆ ಹೋಗಲಿಲ್ಲ.

ಪಾಲಿನ ವಿಷಯ, ಫೋಟೋ ಸಾಲದು ಅಂತ ಊರಿಗೇ ಹೋದೆ. ಬುಡವನ್ನು ಮರಳು ಕಾಗದದಿಂದ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿದಾಗ ಗೆರೆಗಳೆಲ್ಲ ಎದ್ದು ಬಂದವು. ಎಣಿಸಿದರೆ 41. ಅದರಲ್ಲಿ ಎರಡು ಅರ್ಧ ಸುತ್ತಿಗೇ ಮಾಯವಾದವು, ರಂಧ್ರಗಳ ಸಾಲೂ ಇರಲಿಲ್ಲ. ಮಳೆ ನಡುವೆ ಕೈಕೊಟ್ಟು ಮತ್ತೆ ಬಂದಾಗ ಬೀಳುವ ಸುಳ್ಳು ಗೆರೆಗಳು ಅವು. ಉಳಿದದ್ದು 39, ಅಂದರೆ 1985.

ಚಿಕ್ಕಪ್ಪ ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಸಿಟ್ಟಾಗಲಿಲ್ಲ. ಬುಡದ ಒಂದು ಬದಿಯ ಮಣ್ಣು ಕೆದಕಿ, "ಇದೇನವ್ವ ಹೇಳು" ಅಂದರು. ಒಳಗೆ ಕೊಳೆತ ಹಳೆಯ ಬುಡದ ಚೂರು! "ಅಪ್ಪ ಹಾಕಿದ್ದು ಇದು. ನಿಮ್ಮಪ್ಪ ಹಟ್ಟಿ ಕಟ್ಟೋಕೆ ಕಡಿದ. ಆಮೇಲೆ ಚಿಗುರಿದ್ದೇ ಈ ಮರ."

ನಾನು ಸುಮ್ಮನಾದೆ. ತೇಗ ಕಡಿದರೂ ಬುಡದಿಂದ ಚಿಗುರುತ್ತೆ. ಬೇರು ಹಳೆಯದಾದ್ದರಿಂದ ಚಿಗುರು ಮೊದಲ ವರ್ಷಗಳಲ್ಲಿ ಜೋರಾಗಿ ಬೆಳೆಯುತ್ತೆ. ತಿರುಳಿನ ಹತ್ತಿರದ ಆ ಸೆಂಟಿಮೀಟರ್ ಅಗಲದ ಉಂಗುರಗಳಿಗೆ ಅದೂ ಕಾರಣವಿರಬೇಕು. ನಾನು ಎಣಿಸಿದ್ದು ಕಾಂಡದ ವಯಸ್ಸು, ಬೇರಿನದ್ದಲ್ಲ. ಯಾರು ನೆಟ್ಟರು ಅಂತ ಉಂಗುರ ಹೇಳುವುದಿಲ್ಲ.

ಅಂದು ರಾತ್ರಿ ತಮ್ಮನಿಗೆ ಎರಡೂ ಮಾತು ಹೇಳಿದೆ: ಕಾಂಡ 39 ವರ್ಷದ್ದು, ಬೇರು ಅಜ್ಜನದ್ದು. ಅವನು ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರೆ ಅರ್ಧ ಕೊಡೋಣ ಬಿಡಕ್ಕ" ಅಂದ. ಬುಡವನ್ನು ಮಾತ್ರ ಕೀಳಿಸಿಲ್ಲ. ಮುಂಗಾರು ಬಿದ್ದ ಮೇಲೆ ಅದರ ಬದಿಯಲ್ಲಿ ಮತ್ತೆ ಮೂರು ಚಿಗುರು ಬಂದಿವೆಯಂತೆ.