ತಪ್ಪು ತೋರಿಸೋಕೂ ಪುಟ ಸಂಖ್ಯೆ ಬೇಕು



ಪೊಲೀಸ್ ಸ್ಟೇಷನ್ನಿಗೆ ದೂರು ಬರೆದುಕೊಟ್ಟವರಿಗೆಲ್ಲ ಒಂದು ವಿಷಯ ಗೊತ್ತು. "ನಮ್ಮ ಮೇಲೆ ದೌರ್ಜನ್ಯ ಆಗಿದೆ" ಅಂತ ಒಂದು ಸಾಲು ಬರೆದರೆ ಸಾಲದು. ಯಾವತ್ತು, ಎಷ್ಟು ಹೊತ್ತಿಗೆ, ಎಲ್ಲಿ, ಯಾರು, ಏನಂದ್ರು, ಯಾರು ನೋಡಿದ್ರು, ಇವಿಷ್ಟೂ ಇರಬೇಕು. ಊರಿನವರಿಗೆ ನಾವೇ ಇದನ್ನ ಕೂತು ಹೇಳಿಕೊಡ್ತೀವಿ. ಆದರೆ ನಮ್ಮದೇ ತಂಡದ ಹುಡುಗರ ಕೆಲಸದಲ್ಲಿ ಕೊರತೆ ಕಂಡಾಗ ನಾವು ಕಳಿಸೋ ಮೇಲ್ ಹೇಗಿರುತ್ತೆ? "ವರದಿ ಸರಿಯಾಗಿ ಬಂದಿಲ್ಲ, ಇನ್ನೂ ಜವಾಬ್ದಾರಿಯಿಂದ ಮಾಡಬೇಕಿತ್ತು." ದಿನಾಂಕ ಇಲ್ಲ, ಜಾಗ ಇಲ್ಲ, ಏನು ಮಾಡಬೇಕು ಅನ್ನೋದೂ ಇಲ್ಲ. ಇಂಥ ದೂರನ್ನ ಯಾವ ಸ್ಟೇಷನ್ನಲ್ಲೂ ತಗೊಳ್ಳಲ್ಲ.

ನಮ್ಮಲ್ಲಿ ಎರಡು ಅಭ್ಯಾಸ ಇದೆ. ಒಂದು, ವಾಟ್ಸಾಪ್ ಗುಂಪಿನಲ್ಲಿ ನಲವತ್ತು ಜನರ ಮುಂದೆ ಬೈಯೋದು. ಇನ್ನೊಂದು, ಹುಡುಗನಿಗೆ ಏನೂ ಹೇಳದೆ ರಾತ್ರೋರಾತ್ರಿ ಹಿರಿಯರೇ ವರದಿ ತಿದ್ದಿ ಅವನ ಹೆಸರಲ್ಲೇ ಕಳಿಸಿಬಿಡೋದು. ಎರಡನೆಯದು ನೋಡೋಕೆ ಕರುಣೆ ಥರ ಕಾಣುತ್ತೆ. ಬೆಳಿಗ್ಗೆ ತಾನು ಬರೆದ ಎರಡು ಪುಟ ಮಾಯ ಆಗಿರೋದನ್ನ ನೋಡಿದ ಹುಡುಗನಿಗೆ ಏನು ಅರ್ಥ ಆಗುತ್ತೆ? ಶಾಲೆಯ ಹಿಂದಿನ ಬೆಂಚಿನಿಂದ ಕೇಳಿಕೊಂಡು ಬಂದ "ಇದು ನಿನ್ ಕೈಲಿ ಆಗೋದಲ್ಲ" ಅನ್ನೋ ಮಾತೇ. ಈ ಸಲ ಬಾಯಿಬಿಟ್ಟು ಹೇಳಿಲ್ಲ ಅಷ್ಟೇ.

ಇದು ನಮ್ಮ ಊಹೆಯಷ್ಟೇ ಅಲ್ಲ. ಅಮೆರಿಕದಲ್ಲಿ ಕೊಹೆನ್, ಸ್ಟೀಲ್, ರಾಸ್ ಅನ್ನೋ ಮೂವರು ಮನಶ್ಶಾಸ್ತ್ರಜ್ಞರು 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಪ್ಪು ಮತ್ತು ಬಿಳಿ ವಿದ್ಯಾರ್ಥಿಗಳ ಬರಹಕ್ಕೆ ಟೀಕೆ ಬರೆದುಕೊಟ್ಟು, ಯಾವ ಥರದ ಟೀಕೆ ಓದಿ ಅವರಿಗೆ ಮತ್ತೆ ತಿದ್ದಿ ಬರೆಯೋ ಮನಸ್ಸಾಗುತ್ತೆ ಅಂತ ನೋಡಿದರು. ಬರೀ ಟೀಕೆ ಕೊಟ್ಟಾಗ ಕಪ್ಪು ವಿದ್ಯಾರ್ಥಿಗಳಿಗೆ, ಇವರು ನನ್ನ ಬಣ್ಣ ನೋಡಿ ಹೀಗೆ ಬರೆದಿದಾರೆ ಅನ್ನೋ ಅನುಮಾನ ಬಂತು. ಮೊದಲು ಒಂದಿಷ್ಟು ಹೊಗಳಿದರೂ ಅದು ಪೂರ್ತಿ ಹೋಗಲಿಲ್ಲ. ಅದೇ ಟೀಕೆಯ ಜೊತೆ "ಇಲ್ಲಿಯ ಅಳತೆಗೋಲು ದೊಡ್ಡದು, ನೀನು ಅದನ್ನ ಮುಟ್ಟಬಲ್ಲೆ ಅಂತ ನಿನ್ನ ಬರಹ ಓದಿ ಹೇಳ್ತಿದೀನಿ" ಅನ್ನೋ ಎರಡು ಮಾತು ಸೇರಿಸಿದಾಗ ಅನುಮಾನ ಇಳಿಯಿತು, ಕೆಲಸದ ಆಸೆ ಹೆಚ್ಚಿತು. ನಮ್ಮ ಹುಡುಗ ಹುಡುಗಿಯರ ಅನುಭವ ಬಲ್ಲವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ. ಮಟ್ಟ ಇಳಿಸಬಾರದು, ಅವನು ಮುಟ್ಟಬಲ್ಲ ಅನ್ನೋ ನಂಬಿಕೆಯನ್ನೂ ಅಡಗಿಸಿಡಬಾರದು.

ಒಂದು ಪ್ರಸಂಗ ಹೇಳ್ತೀನಿ. ಅವನ ಒಪ್ಪಿಗೆ ಪಡೆದೇ ಬರೀತಿದೀನಿ, ಊರು ಹೆಸರು ಬೇಡ. ಕುಡಿಯೋ ನೀರಿನ ನಲ್ಲಿ ಹತ್ರ ನಮ್ಮ ಹೆಣ್ಣುಮಗಳೊಬ್ಬಳ ಕೊಡ ಎಸೆದು ಬೈದಿದ್ರು. ನಮ್ಮ ತಂಡದ ಹುಡುಗ ಎರಡು ದಿನ ಅಲ್ಲೇ ಇದ್ದು ಒಂಬತ್ತು ಪುಟದ ಸತ್ಯಶೋಧನಾ ವರದಿ ಬರೆದು ತಂದ. ಸೋಮವಾರ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಸಭೆ, ಅಂದ್ರೆ ಡಿಸಿ ಅಧ್ಯಕ್ಷತೆಯ ಸಭೆ. ನನಗೆ ವರದಿ ಸಿಕ್ಕಿದ್ದು ಮಂಗಳವಾರ.

ಮೊದಲ ಸಲ ಪೆನ್ನು ಇಲ್ಲದೆ ಓದಿದೆ. ಎರಡನೇ ಸಲ ಓದುವಾಗ ಅಂಚಿನಲ್ಲಿ ಗುರುತು ಹಾಕಿದೆ. ಹನ್ನೊಂದು ಗುರುತು ಆಯ್ತು. ಅದರಲ್ಲಿ ಕಾಗುಣಿತ, ವಾಕ್ಯ ಉದ್ದ ಇಂಥವು ಎಂಟು. ಪ್ರಕರಣವನ್ನೇ ಬೀಳಿಸೋ ಅಂಥವು ಮೂರು. ಮೇಲಿನಲ್ಲಿ ಆ ಮೂರನ್ನೇ ಇಟ್ಟೆ. ಹನ್ನೊಂದನ್ನೂ ಬರೆದರೆ ಓದುವವನ ಕಣ್ಣಿಗೆ ಕಾಗುಣಿತ, ಸಾಕ್ಷಿ ಎರಡೂ ಒಂದೇ ತೂಕ ಆಗ್ತವೆ. ಬುಧವಾರ ಬೆಳಿಗ್ಗೆ ಅವನೊಬ್ಬನಿಗೇ ಕಳಿಸಿದ ಮೇಲ್ ಇದು:

ವಿಷಯ: ನಲ್ಲಿ ವರದಿ, ಶುಕ್ರವಾರ ಸಂಜೆಯೊಳಗೆ ಮೂರು ತಿದ್ದುಪಡಿ

ತಮ್ಮಾ, ಜೈಭೀಮ್.

ವರದಿ ಎರಡು ಸಲ ಓದಿದೆ. ಪುಟ 2ರಲ್ಲಿ ನೀನು ಕೈಯಲ್ಲಿ ಬರೆದ ನಕ್ಷೆ ಬಹಳ ಗಟ್ಟಿಯಾಗಿದೆ. ನಲ್ಲಿ ಮೂರು ದಾರಿ ಕೂಡೋ ಕಡೆ ಇದೆ, ಎದುರಿಗೇ ಅಂಗಡಿ ಇದೆ ಅಂತ ಹೆಜ್ಜೆ ಅಳೆದು ತೋರಿಸಿದೀಯ. ಅದನ್ನ ಯಾರೂ ಅಲ್ಲಗಳೆಯೋಕಾಗಲ್ಲ. ಇಡೀ ವರದಿ ಆ ಪುಟದ ಮಟ್ಟಕ್ಕೆ ಬರಬೇಕು. ನಿನ್ನಿಂದ ಅದು ಆಗುತ್ತೆ ಅನ್ನೋದಕ್ಕೆ ಆ ಪುಟವೇ ಸಾಕ್ಷಿ.

ಒಂದು. ಪುಟ 3, ಎರಡನೇ ಪ್ಯಾರಾ. "ಜಾತಿ ಹಿಡಿದು ಬೈದರು" ಅಂತಷ್ಟೇ ಇದೆ. ದೌರ್ಜನ್ಯ ತಡೆ ಕಾಯ್ದೆಯ ಕಲಂ 3(1)(r), 3(1)(s) ನಿಲ್ಲಬೇಕಾದರೆ ಅದು ಸಾರ್ವಜನಿಕರ ಕಣ್ಣಿಗೆ ಬೀಳೋ ಜಾಗ ಅಂತ ತೋರಿಸಬೇಕು. ಆಡಿದ ಮಾತು ಏನು, ಹೊತ್ತು ಎಷ್ಟು, ಹತ್ತಿರ ಯಾರಿದ್ರು, ಅದನ್ನ ಸೇರಿಸು. ಜಾಗದ ಸಾಕ್ಷಿ ನಿನ್ನ ನಕ್ಷೆಯಲ್ಲೇ ಇದೆ, ಇಲ್ಲಿ "ಪುಟ 2 ನೋಡಿ" ಅಂತ ಬರಿ. ಮಾತುಗಳನ್ನ ಬಿಟ್ಟಿದ್ದಕ್ಕೆ ಕಾರಣ ಇದ್ರೆ ತಿಳಿಸು.

ಎರಡು. ಪುಟ 5. "ಪೊಲೀಸರು ಆರೋಪಿಗಳ ಪರ ನಿಂತಿದ್ದಾರೆ." ಇದು ನಮ್ಮ ತೀರ್ಮಾನ. ಓದುವವರು ತಾವೇ ಆ ತೀರ್ಮಾನಕ್ಕೆ ಬರೋ ಹಾಗೆ ದಿನಾಂಕಗಳನ್ನ ಸಾಲಾಗಿ ಇಡು: ದೂರು ಕೊಟ್ಟ ದಿನ, ಎಫ್ಐಆರ್ ಆದ ದಿನ, ಹಾಕಿದ ಕಲಂಗಳು, ಪ್ರತಿ ಕೊಟ್ರಾ ಇಲ್ವಾ. ದೂರು ದಾಖಲಿಸೋದು, ಪ್ರತಿ ಕೊಡೋದು ಕಲಂ 4ರ ಪ್ರಕಾರ ಅಧಿಕಾರಿಯ ಕರ್ತವ್ಯ. ದಿನಾಂಕ ಇದ್ರೆ ಆ ಕಲಂ ಎತ್ತಬಹುದು.

ಮೂರು. ಕೊನೆಯ ಫೋಟೋದಲ್ಲಿ ಮಗಳ ಮುಖ, ಮನೆ ಬಾಗಿಲು ಎರಡೂ ಕಾಣ್ತಿವೆ. ಅವಳು ಚಿಕ್ಕವಳು. ಈ ಫೋಟೋ ಇವತ್ತೇ ತೆಗೆದುಬಿಡು, ಬೇರೆಯವರಿಗೆ ಕಳಿಸಿದ್ರೆ ಅವರಿಗೂ ಹೇಳು.

ಮೂರನೆಯದು ಇವತ್ತು, ಮಿಕ್ಕ ಎರಡು ಶುಕ್ರವಾರ ಸಂಜೆ 6ರೊಳಗೆ. ಎಫ್ಐಆರ್ ಪ್ರತಿ ಸಿಗದಿದ್ರೆ ನಾಳೆ ವಕೀಲರ ಹತ್ರ ನಾನು ತರಿಸ್ತೀನಿ. ನಾನು ಹೇಳಿದ್ರಲ್ಲಿ ಯಾವುದಾದ್ರೂ ಸರಿಯಿಲ್ಲ ಅನಿಸಿದ್ರೆ ಇವತ್ತು ರಾತ್ರಿ 8ರ ಮೇಲೆ ಫೋನ್ ಮಾಡು.

ಅಕ್ಕ

ಇದರಲ್ಲಿ ಕೆಲವು ಸಂಗತಿ ಗಮನಿಸಿ. ಹೊಗಳಿಕೆ ಆದಮೇಲೆ "ಆದರೆ" ಇಲ್ಲ. "ಚೆನ್ನಾಗಿದೆ, ಆದರೆ" ಅಂತ ಬರೆದ ಕೂಡಲೇ ಮೊದಲ ಅರ್ಧ ಸುಳ್ಳಾಗಿಬಿಡುತ್ತೆ, ಅದು ಸೂಜಿ ಚುಚ್ಚೋ ಮುಂಚೆ ಹತ್ತಿ ಒರೆಸಿದ ಹಾಗೆ. ಇಲ್ಲಿ ನಕ್ಷೆಯನ್ನ ಹೊಗಳಿದ್ದು ಸಮಾಧಾನಕ್ಕಲ್ಲ. ಒಂದನೇ ಕೊರತೆಗೆ ಮದ್ದು ಆ ನಕ್ಷೆಯೇ. 2020ರಲ್ಲಿ ಹಿತೇಶ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮನೆಯ ನಾಲ್ಕು ಗೋಡೆಯೊಳಗೆ ಹೊರಗಿನವರು ಯಾರೂ ಇಲ್ಲದಾಗ ಆಡಿದ ಮಾತು ಸಾರ್ವಜನಿಕ ಜಾಗದ್ದಾಗಲ್ಲ ಅಂತ ಹೇಳಿ ಆ ಕಲಮನ್ನ ಕೈಬಿಟ್ಟಿತು. ಆವತ್ತಿಂದ ಜಾಗದ ಪ್ರಶ್ನೆ ಎಲ್ಲ ಕಡೆ ಏಳ್ತಿದೆ. ಮೂರು ದಾರಿಯ ನಲ್ಲಿ ಅಂತ ತೋರಿಸಿದ ಹುಡುಗ ಅರ್ಧ ಕೇಸು ಆಗಲೇ ಕಟ್ಟಿದ್ದ. ಅದರ ಬೆಲೆ ಅವನಿಗೇ ಗೊತ್ತಿರಲಿಲ್ಲ. ಒಳ್ಳೆಯದನ್ನ ಯಾಕೆ ಒಳ್ಳೆಯದು ಅಂತ ಬಿಡಿಸಿ ಹೇಳೋದೂ ಕಲಿಸೋದೇ.

ಇನ್ನೊಂದು, ಮೂರೂ ಕಡೆ ಮಾತು ಕಾಗದದ ಮೇಲಿದೆ, ಹುಡುಗನ ಮೇಲಿಲ್ಲ. "ನೀನು ಆತುರಗಾರ" ಅಂದ್ರೆ ಅವನು ಏನನ್ನ ತಿದ್ದಬೇಕು? "ಪುಟ 5ರಲ್ಲಿ ದಿನಾಂಕ ಇಲ್ಲ" ಅಂದ್ರೆ ತಿದ್ದಬಹುದು. ಕಳಿಸೋ ಮುಂಚೆ ಪ್ರತಿ ಸಾಲಿಗೂ ಒಂದು ಪ್ರಶ್ನೆ ಕೇಳ್ಕೊಳ್ಳಿ: ಇದನ್ನ ಓದಿ ಅವನು ನಾಳೆ ಬೆಳಿಗ್ಗೆ ಮೊದಲು ಯಾವ ಕೆಲಸ ಮಾಡ್ತಾನೆ? ಉತ್ತರ ಸಿಗದ ಸಾಲು ಬರೀ ಸಿಟ್ಟು, ತೆಗೆದುಹಾಕಿ.

ಭಾಷೆಯ ಮಾತು. ದಿನಾ "ನೀನು" ಅನ್ನೋ ಅಕ್ಕ ತಪ್ಪು ಹೇಳುವಾಗ ಮಾತ್ರ "ನೀವು" ಅಂದ್ರೆ, "ಸೂಚಿಸಲಾಗಿದೆ" ಅಂತ ಬರೆದ್ರೆ, ಅದು ಕಚೇರಿ ಮೆಮೋ ಆಗುತ್ತೆ. ಯಾವಾಗಲೂ "ನೀವು" ಅನ್ನೋ ಸಂಗಾತಿಗೆ "ನೀವು" ಅಂತಲೇ ಬರೆಯಿರಿ. ಮೇಲಿಗೆ ಬೇರೆ ನಾಲಿಗೆ ಬೇಡ. ಸಿಸಿಯಲ್ಲಿ ಇನ್ನೊಂದು ಹೆಸರು ಸೇರಿದ್ರೂ ಅದು ಪಂಚಾಯ್ತಿ. ನೊಂದವರ ಹೆಸರನ್ನೂ ನಾನು ಮೇಲಿನಲ್ಲಿ ಬರೆಯಲ್ಲ, ಪುಟ ಸಂಖ್ಯೆ ಸಾಕು. ಮೇಲ್ ಯಾರ ಕೈಗೆ ಹೋಗುತ್ತೆ ಅಂತ ಹೇಳೋಕಾಗಲ್ಲ.

ಮೇಲ್ ಕೆಲಸ ಮಾಡಿತಾ ಅನ್ನೋದು ಉತ್ತರದಲ್ಲಿ ತಿಳಿಯುತ್ತೆ. "ಸರಿ ಅಕ್ಕ, ಸಾರಿ" ಅಂತಷ್ಟೇ ಬಂದ್ರೆ ಅವನು ಮುದುಡಿಕೊಂಡಿದಾನೆ ಅಂತ ಅರ್ಥ, ಆವಾಗ ಫೋನ್ ಮಾಡಬೇಕು. ಪ್ರಶ್ನೆನೋ ವಾದನೋ ಬಂದ್ರೆ ಒಳ್ಳೆ ಲಕ್ಷಣ. ಇವನು ವಾದ ಮಾಡಿದ: "ಅಕ್ಕ, ಆ ಮಾತುಗಳನ್ನ ಇನ್ನೊಂದ್ಸಲ ಬಾಯಲ್ಲಿ ಹೇಳೋಕಾಗಲ್ಲ ಅಂತ ಅವ್ವ ಅತ್ತುಬಿಟ್ರು. ನಾನು ಹೆಂಗೆ ಕೇಳ್ಲಿ?" ವರದಿಯಲ್ಲಿ ಕಂಡ ಖಾಲಿ ಜಾಗ ಸೋಮಾರಿತನದ್ದಾಗಿರಲಿಲ್ಲ, ಅಂತಃಕರಣದ್ದಾಗಿತ್ತು. "ಕಾರಣ ಇದ್ರೆ ತಿಳಿಸು" ಅನ್ನೋ ಒಂದು ಸಾಲು ಇಲ್ಲದಿದ್ರೆ ಇದು ಹೊರಗೆ ಬರ್ತಿರಲಿಲ್ಲ. ಮಾತಾಡಿ ದಾರಿ ಕಂಡ್ಕೊಂಡ್ವಿ: ಅವ್ವನನ್ನ ಮತ್ತೆ ಕೇಳೋದು ಬೇಡ, ಅಲ್ಲೇ ನೀರಿಗೆ ನಿಂತಿದ್ದ ಇಬ್ಬರನ್ನ ಕೇಳೋಣ, ಅವ್ವ ಹೇಳೋಕೆ ಒಪ್ಪಲಿಲ್ಲ ಅನ್ನೋದನ್ನೂ ಹಾಗೇ ಬರೆಯೋಣ. ಫೋಟೋ ಆವತ್ತೇ ತೆಗೆದ. ಶುಕ್ರವಾರ ಸಂಜೆ ಹೊಸ ಪುಟ 3 ಬಂತು, ಇಬ್ಬರು ಹೆಂಗಸರು ಕೇಳಿಸಿಕೊಂಡ ಮಾತು ಅದರಲ್ಲಿತ್ತು. ಸೋಮವಾರ ಸಭೆಯಲ್ಲಿ ಅದನ್ನ ಓದಿದ್ದು ಅವನೇ.

ಎಲ್ಲಾದಕ್ಕೂ ಮೇಲ್ ಆಗಲ್ಲ. ಹಣದ ಲೆಕ್ಕದಲ್ಲಿ ಮೋಸ, ಹೆಣ್ಣುಮಕ್ಕಳ ಜೊತೆ ಕೆಟ್ಟ ನಡತೆ, ಇವು ತಿದ್ದುಪಡಿಯ ವಿಷಯ ಅಲ್ಲ. ಅದಕ್ಕೆ ದೂರು, ಸಮಿತಿ, ವಿಚಾರಣೆ ಇರಬೇಕು, "ತಮ್ಮಾ" ಅಂತ ಮೇಲ್ ಬರೆದು ಮುಚ್ಚಬಾರದು. ಮನೆಯಲ್ಲಿ ಸಾವು, ಕಾಯಿಲೆ ಇದ್ದವನಿಗೂ ಮೊದಲು ಮೇಲ್ ಬೇಡ, ಎದುರಿಗೆ ಕೂತು ಟೀ ಕುಡಿಯಿರಿ. ಒಂದೇ ಕೊರತೆ ಮೂರನೇ ಸಲ ಬಂದ್ರೆ ನಾಲ್ಕನೇ ಮೇಲ್ ಬರೆಯೋದೂ ದಂಡ. ಅವನ ಜೊತೆ ಊರಿಗೆ ಹೋಗಿ, ಪಕ್ಕದಲ್ಲಿ ಕೂತು ಒಂದು ಹೇಳಿಕೆ ಬರೆದುಕೊಳ್ಳೋದನ್ನ ತೋರಿಸಬೇಕು.

ಈ ವಾರ ನಿಮ್ಮ ಇನ್‌ಬಾಕ್ಸಿನಲ್ಲಿ ಯಾವನಾದ್ರೂ ಹುಡುಗನ ವರದಿ ಕಾಯ್ತಾ ಇದ್ರೆ, ನೀವೇ ತಿದ್ದೋಕೆ ಕೂರಬೇಡಿ. ಪುಟ ಸಂಖ್ಯೆ ಹಾಕಿ ಅವನಿಗೇ ಬರೆಯಿರಿ.

ಜೈಭೀಮ್.