ಕಾರ್ಟ್ ಬಂತು, ಆರ್ಡರ್ ಇನ್ನೂ ಬಂದಿಲ್ಲ

ವಾಟ್ಸಾಪ್ ಬಿಸಿನೆಸ್‌ನಾಗ ಕ್ಯಾಟಲಾಗ್ ಹಾಕೋದು ಒಂದು ಮಧ್ಯಾಹ್ನದ ಕೆಲಸ. ರೊಟ್ಟಿದೊಂದು ಫೋಟೋ, ಹೆಸರು, ದರ, ಕೆಳಗ ಎರಡು ಸಾಲು ವಿವರ, ಮುಗೀತು. ಗಿರಾಕಿ ತನಗೆ ಬೇಕಾದ್ದನ್ನು ಕಾರ್ಟಿಗೆ ಹಾಕಿ ಕಳಿಸಿದರೆ ಅದು ನಮ್ಮ ಚಾಟ್‌ಗೆ ಬಂದು ಬೀಳುತ್ತದೆ. ಆದರೆ ಕ್ಯಾಟಲಾಗಿಗೆ ಗೊತ್ತಿರೋದು ದರ ಮಾತ್ರ. ಡಬ್ಬಿಯೊಳಗ ಎಷ್ಟು ಉಳಿದಾವ, ನಾಳೆ ಎಷ್ಟು ಬಡಿಯಾಕ ಆಗ್ತದ ಅನ್ನೋ ಲೆಕ್ಕ ಅದಕ್ಕಿಲ್ಲ. ಐದೇ ಪ್ಯಾಕೆಟ್ ಉಳಿದಾಗ ಕಿತ್ತೂರಿನವರೊಬ್ಬರು, ಸವದತ್ತಿಯವರೊಬ್ಬರು ಐದೈದು ಹಾಕಿ ಕಳಿಸಿದರೂ ಅದು ಯಾರಿಗೂ ಇಲ್ಲ ಅನ್ನೋದಿಲ್ಲ. ಇಲ್ಲ ಅನ್ನೋ ಕೆಲಸ ನಮ್ಮದು.

ಬೈಲಹೊಂಗಲದ ನಮ್ಮ ಮನೆಯಲ್ಲಿ ಬಡಿಯೋರು ನಾನು ಮತ್ತು ನಮ್ಮ ಅತ್ತಿ. ದಿನಕ್ಕೆ 150 ರೊಟ್ಟಿ, ಅಂದರೆ ಹತ್ತರ 15 ಪ್ಯಾಕೆಟ್. ಅದಕ್ಕೇ ಒಂದು ದಪ್ಪ ನೋಟ್‌ಬುಕ್ ಇಟ್ಟೀನಿ. ತಾರೀಖಿಗೊಂದು ಪುಟ, ಪುಟಕ್ಕೆ 15 ಮನೆ. ಆರ್ಡರ್ ಗಟ್ಟಿಯಾದಂಗ ಮನೆಯೊಳಗ ಹೆಸರು ಬರೀತೀನಿ. ಮನೆ ತುಂಬಿತು ಅಂದ್ರ ಆ ದಿನ ಮುಗೀತು.

ಕ್ಯಾಟಲಾಗಿನೊಳಗೂ ಎರಡು ಗುಂಪು ಮಾಡೀನಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇಟ್ಟರೆ ಇರೋವು, ಅವು ‘ಸಿದ್ಧ ಅದಾವ’ ಗುಂಪಿಗೆ. ಶೇಂಗಾ ಹೋಳಿಗಿ ತಾಜಾ ಇದ್ದಷ್ಟೂ ಚಲೋ, ಅದು ‘ಹೇಳಿ ಮಾಡಿಸೋದು’ ಗುಂಪಿಗೆ. ವಿವರದಾಗ ‘ಎರಡು ದಿನ ಮೊದಲ ಹೇಳ್ರಿ’ ಅಂತ ಬರೆದೀನಿ. ಹೀಗೆ ಬೇರೆ ಮಾಡಿದ ಮೇಲೆ ‘ಇವತ್ತ ಸಂಜಿಗೆ ಹೋಳಿಗಿ ಕಳಸ್ರಿ’ ಅನ್ನೋ ಮೆಸೇಜು ಕಡಿಮೆಯಾದವು.

ಎಲ್ಲಕ್ಕಿಂತ ಹೆಚ್ಚು ಗೊಂದಲ ಆಗೋದು ಎರಡನೇ ಕಾರ್ಟಿನಿಂದ. ಕಳಿಸಿದ ಕಾರ್ಟನ್ನು ಗಿರಾಕಿ ತಿದ್ದಲು ಬರುವುದಿಲ್ಲ. ಬದಲಾವಣೆ ಬೇಕಾದರೆ ಮತ್ತೊಂದು ಕಳಿಸುತ್ತಾರೆ, ಹಳೆಯದೂ ಹಾಗೇ ಉಳಿಯುತ್ತದೆ. ರಾಮದುರ್ಗದ ಒಬ್ಬರ ಮನೆಯಲ್ಲಿ ಶುಕ್ರವಾರ ಮಗಳ ಕುಬಸ. ಸೋಮವಾರ ಬಂದ ಕಾರ್ಟಿನಲ್ಲಿ ರೊಟ್ಟಿ 6 ಪ್ಯಾಕೆಟ್, ಹೋಳಿಗಿ 4 ಪ್ಯಾಕೆಟ್. ರೊಟ್ಟಿಗೆ 80, ಹೋಳಿಗಿಗೆ 100ರ ಹಾಗೆ 880 ರೂಪಾಯಿ. ಮಂಗಳವಾರ ಇನ್ನೊಂದು ಬಂತು: ರೊಟ್ಟಿ 8, ಶೇಂಗಾ ಚಟ್ನಿ 2, ಒಟ್ಟು 800. ಎರಡೂ ಕೂಡಿಸಿದರೆ ರೊಟ್ಟಿ 14 ಪ್ಯಾಕೆಟ್. ಹಳೆಯದನ್ನು ಬಿಟ್ಟರೆ ಕುಬಸಕ್ಕೆ ಹೋಳಿಗಿಯೇ ಇಲ್ಲ. ಊಹೆ ಮಾಡೋ ಕೆಲಸ ಅಲ್ಲ ಇದು. ಫೋನ್ ಹಚ್ಚಿದೆ.

‘ಅಕ್ಕಾರ, ಮೊದಲಿಂದು ಬಿಡಲ್ಯೋ, ಎರಡೂ ಕೂಡಸಲ್ಯೋ?’

‘ಅಯ್ಯ, ಎರಡೂ ಅಲ್ಲವಾ. ರೊಟ್ಟಿ ಒಟ್ಟ ಎಂಟು. ಹೋಳಿಗಿ ಮೊದಲ ಹೇಳಿದಷ್ಟ ಇರಲಿ. ಚಟ್ನಿ ಹೊಸಾದು.’

ಅಂದರೆ 640, 400, 160, ಕೂಡಿ 1,200 ರೂಪಾಯಿ. ಎರಡೂ ಕಾರ್ಟಿನಲ್ಲಿ ಇರದ ಲೆಕ್ಕ ಇದು! ಫೋನಿನಲ್ಲಿ ಕೇಳಿದ್ದನ್ನು ಅಲ್ಲಿಗೇ ಬಿಡಲಿಲ್ಲ. ಸಾಮಾನು, ಮೊತ್ತ, ಗುರುವಾರ ಸಂಜೆಯ ಬಸ್ಸು, ಪಾರ್ಸಲ್ ಖರ್ಚು ಬೇರೆ, ಎಲ್ಲ ಒಂದೇ ಮೆಸೇಜಿನಲ್ಲಿ ಬರೆದು ‘ಹಳೇ ಎರಡೂ ಕಾರ್ಟ್ ರದ್ದು, ಇದಕ್ಕ ಹೂಂ ಅನ್ರಿ’ ಅಂತ ಕಳಿಸಿದೆ. ಈ ಮೆಸೇಜಿನ ಅಚ್ಚು ಕ್ವಿಕ್ ರಿಪ್ಲೈನಲ್ಲಿ ಇಟ್ಟೀನಿ. `/` ಒತ್ತಿದರೆ ಬರುತ್ತದೆ, ಅಂಕಿ ತುಂಬಿದರೆ ಆಯಿತು. ಅವರು ಹೂಂ ಅಂದ ಮೇಲೆಯೇ ಬುಧವಾರದ ಪುಟದಲ್ಲಿ ಎಂಟು ಮನೆ ತುಂಬಿದವು. ಬುಧವಾರ ರೊಟ್ಟಿ, ಗುರುವಾರ ಮುಂಜಾನೆ ಹೋಳಿಗಿ. ರೊಟ್ಟಿ ಪೂರ್ತಿ ಆರಿ, ಮುರಿದರೆ ಪಟ್ ಅನ್ನಬೇಕು. ಬೆಚ್ಚಗಿದ್ದಾಗಲೇ ಕಟ್ಟಿದರೆ ಒಳಗೆ ಬೆವತು ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ.

ಆರ್ಡರ್ ಎಲ್ಲಿಗೆ ಬಂತು ಅನ್ನೋದಕ್ಕೆ ನಾಲ್ಕು ಲೇಬಲ್ ಸಾಕು: ‘ಹೊಸಾದು’, ‘ರೊಕ್ಕ ಬಂದಿಲ್ಲ’, ‘ರೊಕ್ಕ ಬಂತು’, ‘ಬಸ್ಸಿಗೆ ಹೋತು’. ಇದನ್ನು ಗಿರಾಕಿಯ ಚಾಟ್‌ಗೆ ಹಚ್ಚೋದಿಲ್ಲ. ಹೂಂ ಅಂದ ಆ ಮೆಸೇಜಿಗೇ ಹಚ್ಚುತ್ತೀನಿ. ಒಬ್ಬರೇ ವಾರದಲ್ಲಿ ಎರಡು ಸಲ ತರಿಸಿದರೆ, ಮೊದಲಿನದಕ್ಕೆ ಕೊಟ್ಟ ರೊಕ್ಕ ಎರಡನೆಯದಕ್ಕೂ ಬಂದಂಗ ಕಾಣಬಾರದು. ‘ರೊಕ್ಕ ಬಂತು’ ಹಚ್ಚೋ ಮೊದಲು ನನ್ನ ಖಾತೆ ನೋಡುತ್ತೀನಿ. ಸ್ಕ್ರೀನ್‌ಶಾಟ್ ಅಂದ್ರ ಚಿತ್ರ ಅಷ್ಟ, ರೊಕ್ಕ ಅಲ್ಲ.

ಇಷ್ಟಾದರೂ ಬಸ್ಸು ನಮ್ಮ ಕೈಯಲ್ಲಿಲ್ಲ. ಭರತ ಹುಣ್ಣಿಮೆ ಬಂತು ಅಂದರೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗೋ ಬಸ್ಸಿನಾಗ ನಿಲ್ಲಾಕೂ ಜಾಗ ಇರೋದಿಲ್ಲ, ಪಾರ್ಸಲ್ ಎಲ್ಲಿ ಇಡೋದು? ಆ ಎರಡು ಮೂರು ದಿನ ಹೋಳಿಗಿಯನ್ನು ಕ್ಯಾಟಲಾಗಿನಲ್ಲಿ ಹೈಡ್ ಮಾಡಿಬಿಡುತ್ತೀನಿ. ಅಳಿಸೋದಲ್ಲ, ಮರೆ ಮಾಡೋದು. ಫೋಟೋ, ದರ ಎಲ್ಲ ಹಾಗೇ ಇರ್ತಾವ. ರೊಟ್ಟಿ, ಚಟ್ನಿ ಒಂದಿನ ತಡಾ ಆದರೂ ಕೆಡೋದಿಲ್ಲ, ಅವು ಇರಲಿ. ಹುಣ್ಣಿಮೆ ಮುಗಿದು ಬಸ್ಸು ಹಗುರಾದ ಮ್ಯಾಲ ಹೋಳಿಗಿನ್ನ ಮತ್ತ ತೋರಸ್ತೀನಿ.