ಬಾಳೆಹಣ್ಣು ತೊಗರಿ ಅಲ್ಲ

ನಮ್ಮ ಕಡೆಯ ಜನಕ್ಕೆ ಕಾಯೋದು ಗೊತ್ತು. ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನ ಅಂದ್ರೆ ತೊಗರಿ ಸೀಮೆ. ರಾಶಿ ಮುಗಿದ ಮೇಲೆ ಭಾವ ಸರಿ ಇಲ್ಲ ಅನಿಸಿದ್ರೆ ಚೀಲ ಹೊಲಿದು ಮನೆಯಲ್ಲೇ ಒಟ್ಟಿಬಿಡ್ತಾರೆ. ಸಾಲಗಾರ ಬಾಗಿಲಿಗೆ ಬರದಿದ್ರೆ ಸಾಕು, ತೊಗರಿ ತಿಂಗಳುಗಟ್ಟಲೆ ಕಾಯ್ತದೆ. "ಅಸಲು ಬರದ ಮಾರಬಾರ್ದು" ಅನ್ನೋ ಮಾತನ್ನ ನಾನು ಅ ಆ ಇ ಈ ಜೊತೆಗೇ ಕೇಳಿ ಬೆಳೆದವನು.

ನಮ್ಮ ಕಾಕಾ ಒಬ್ಬರು ಈ ಮಾತನ್ನ ಹಂಗೇ ಎತ್ತಿಕೊಂಡು ಹೋಗಿ ಆಳಂದದಲ್ಲಿ ಹಣ್ಣಿನ ಬಂಡಿ ಹಾಕಿದ್ರು. ಪಪ್ಪಾಯಿ, ಪೇರಲ ಎಲ್ಲ ಇರ್ತದೆ, ಆದ್ರೆ ಬಂಡಿ ನಡೆಯೋದು ಬಾಳೆಹಣ್ಣಿನ ಮೇಲೆ. ಬಾಳೆಹಣ್ಣು ಮಾತ್ರ ತೊಗರಿ ಅಲ್ಲ. ಅದು ಯಾರ ಭಾವಕ್ಕೂ ಕಾಯಲ್ಲ.

ನಾನು ಬೆಂಗಳೂರಿನಲ್ಲಿ ಕೂತು ಕೋಡ್ ಬರೆಯೋ ಮನುಷ್ಯ. ಆನ್‌ಲೈನ್ ಮಾರಾಟದ ಬೆಲೆ ಇಳಿಸೋ ಲೆಕ್ಕ ನನ್ನ ಕೆಲಸದ ಒಂದು ಭಾಗ. ನನ್ನ ಪರದೆ ಮೇಲೆ ಪ್ರತಿ ಪ್ಯಾಕೆಟ್‌ಗೂ ಎಕ್ಸ್‌ಪೈರಿ ಡೇಟ್ ಇರ್ತದೆ. ಕಾಕಾನ ಬಂಡಿಯಲ್ಲಿ ಇಲ್ಲ, ಅಲ್ಲಿ ಸಿಪ್ಪೆಯೇ ಡೇಟು. ತುದಿಯಲ್ಲಿ ಸ್ವಲ್ಪ ಹಸಿರು ಉಳಿದಿದ್ರೆ ಮೊದಲನೇ ದಿನ. ಪೂರ್ತಿ ಹಳದಿ ಅಂದ್ರೆ ಎರಡನೇ ದಿನ. ಕಂದು ಚುಕ್ಕೆ ಬಿದ್ವು ಅಂದ್ರೆ ಮೂರನೇ ದಿನ. ಚಿಪ್ಪು ಎತ್ತಿದಾಗ ಹಣ್ಣು ತೊಟ್ಟು ಬಿಟ್ಟು ಕೈಗೆ ಬಂದ್ರೆ ಮುಗೀತು, ಅದನ್ನ ಡಜನ್ ಲೆಕ್ಕದಲ್ಲಿ ಯಾರೂ ಒಯ್ಯಲ್ಲ. ಇದು ಚಳಿಗಾಲದ ಮಾತು. ಏಪ್ರಿಲ್-ಮೇನಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟ್ತದೆ, ಆಗ ಈ ಮೂರು ದಿನ ಎರಡಕ್ಕೆ ಇಳೀತದೆ. ಫ್ರಿಜ್‌ನಲ್ಲಿಟ್ರೆ ಉಳೀತದಲ್ಲ ಅಂತ ನೀವು ಕೇಳಬಹುದು. ಒಳಗಿನ ಹಣ್ಣು ಉಳೀತದೆ, ಆದ್ರೆ ಸಿಪ್ಪೆ ಕಪ್ಪಾಗ್ತದೆ. ಗಿರಾಕಿ ನೋಡೋದು ಸಿಪ್ಪೆ.

ಹೋದ ಸಲ ಊರಿಗೆ ಹೋದಾಗ ಕಾಕಾ ತಮ್ಮ ಪಟ್ಟಿ ಪುಸ್ತಕ ಕೈಗೆ ಕೊಟ್ರು. "ನೀ ಇದರಾಗೇ ಪಗಾರ ತಗೋತಿ ಅಂತಲ್ಲ ತಮ್ಮಾ, ನಂದೂ ಒಂದೀಟು ನೋಡು" ಅಂದ್ರು. ನೋಡಿದೆ. ಅಂಕಿಗಳನ್ನ ಓದೋಕೆ ಅನುಕೂಲ ಆಗ್ಲಿ ಅಂತ ಇಲ್ಲಿ ದುಂಡು ಮಾಡಿದ್ದೀನಿ.

ಕಾಕಾ ಕಲಬುರಗಿಯಿಂದ 30 ಡಜನ್ ತರ್ತಾರೆ. ಬಂಡಿಗೆ ಬಂದು ಬೀಳೋ ಹೊತ್ತಿಗೆ ಡಜನ್‌ಗೆ 32 ರೂಪಾಯಿ, ಅಂದ್ರೆ 960 ರೂಪಾಯಿ. ಮಾರೋದು 50ಕ್ಕೆ. ಮೊದಲೆರಡು ದಿನದಲ್ಲಿ 20 ಡಜನ್ ಹೋಗ್ತದೆ, 1000 ರೂಪಾಯಿ ಬರ್ತದೆ. ಹಾಕಿದ ದುಡ್ಡು ವಾಪಸ್, ಮೇಲೆ 40. ಇನ್ನು ಉಳಿಯೋದೆಲ್ಲ ಮೂರನೇ ದಿನದ 10 ಡಜನ್ ಮೇಲೆ ನಿಂತಿದೆ. ಆ ದಿನ ಸಂಜೆ ನಾಲ್ಕರವರೆಗೆ ಹೋಗೋದು ಎರಡೇ ಡಜನ್. ಹಳ್ಳಿ ಕಡೆ ಬಸ್ಸು ಹಿಡಿಯೋ ಜನ ನೆರೆಯೋದು ನಾಲ್ಕರಿಂದ ಏಳರವರೆಗೆ. ಎಂಟಕ್ಕೆ ಬೀದಿ ಖಾಲಿ. ಮಿಕ್ಕಿದ್ದನ್ನ ರಾತ್ರಿ ಜ್ಯೂಸ್ ಅಂಗಡಿಯವನು ಡಜನ್‌ಗೆ 10ರಂತೆ ಒಯ್ತಾನೆ.

ಕಾಕಾ ಬೆಲೆ ಇಳಿಸದೆ 50ಕ್ಕೇ ಕೂತ ದಿನ ಸಂಜೆ ಇನ್ನೆರಡು ಡಜನ್ ಹೋಗಿದ್ವು. ನಾಲ್ಕು ಡಜನ್‌ಗೆ 200, ಉಳಿದ ಆರು ಜ್ಯೂಸ್ ಅಂಗಡಿಗೆ 60. ಒಟ್ಟು 260.

ರಾತ್ರಿ ಎಂಟಕ್ಕೆ ಜೀವ ತಡೀಲಾರದೆ ಒಮ್ಮೆಲೇ 20ಕ್ಕೆ ಇಳಿಸಿದ ದಿನ ಎರಡು ಡಜನ್ ಹೆಚ್ಚಿಗೆ ಹೋದ್ವು. 200, ಮೇಲೆ 40, ಉಳಿದ ನಾಲ್ಕಕ್ಕೆ 40. ಒಟ್ಟು 280. ಅರ್ಧಕ್ಕಿಂತ ಕೆಳಗೆ ಇಳಿಸಿದ್ರೂ ಸಿಕ್ಕಿದ್ದು 20 ರೂಪಾಯಿ ಮಾತ್ರ, ಯಾಕಂದ್ರೆ ಕೂಗಿದ್ದು ಖಾಲಿ ಬೀದಿಗೆ.

ಆಮೇಲೆ ನಾಲ್ಕು ಗಂಟೆಗೇ, ಜನ ಬರೋಕೆ ಮುಂಚೆ, 40ಕ್ಕೆ ಇಳಿಸಿ ನೋಡಿದ್ವಿ. ಮಧ್ಯಾಹ್ನದವರೆಗಿನ ಎರಡು ಡಜನ್‌ಗೆ 100, ಸಂಜೆ ಐದು ಡಜನ್‌ಗೆ 200, ಮಿಕ್ಕ ಮೂರಕ್ಕೆ 30. ಒಟ್ಟು 330. ಇನ್ನೊಂದು ಸುತ್ತಿನಲ್ಲಿ ಅದೇ ಹೊತ್ತಿಗೆ 30ಕ್ಕೆ ಇಳಿಸಿದಾಗ ಏಳು ಡಜನ್ ಹೋಗಿ 320 ಬಂತು.

ಇಲ್ಲಿ ಸ್ವಲ್ಪ ನಿಂತು ನೋಡಿ. 40 ಇಡಬೇಕಾ 30 ಇಡಬೇಕಾ ಅನ್ನೋದರ ನಡುವೆ ಇರೋದು 10 ರೂಪಾಯಿ ವ್ಯತ್ಯಾಸ. ನಾಲ್ಕಕ್ಕೆ ಇಳಿಸಬೇಕಾ ಎಂಟಕ್ಕೆ ಇಳಿಸಬೇಕಾ ಅನ್ನೋದರ ನಡುವೆ 50. ಎಷ್ಟು ಇಳಿಸಬೇಕು ಅಂತ ನಾವು ತಲೆ ಕೆಡಿಸಿಕೊಳ್ತೀವಿ, ಕಾಕಾನ ಬಂಡಿಯಲ್ಲಿ ದುಡ್ಡು ಇದ್ದದ್ದು ಯಾವಾಗ ಅನ್ನೋದರಲ್ಲಿ. ಇದರಿಂದ ಬಾಳೆಹಣ್ಣಿನ ಮೂರು ದಿನದ ಲಾಭ 300ರಿಂದ 370ಕ್ಕೆ ಏರ್ತದೆ. ನಿಮಗೆ ನನಗೆ 70 ರೂಪಾಯಿ ಅಂದ್ರೆ ಅರ್ಧ ಕಾಫಿ. ದಿನಕ್ಕೆ ನೂರು ರೂಪಾಯಿ ಉಳಿಯೋ ಬಂಡಿಗೆ ಅದು ಮುಕ್ಕಾಲು ದಿನದ ದುಡಿಮೆ.

ಹಂಗಾದ್ರೆ ಎಷ್ಟು ಇಳಿಸಬೇಕು? ಕಾಕಾಗೆ ಬಾಯಿಲೆಕ್ಕದಲ್ಲಿ ಬರೋ ಹಾಗೆ ಒಂದು ದಾರಿ ಹೇಳಿಕೊಟ್ಟೆ. ಮೊದಲು ರಾತ್ರಿ ಜ್ಯೂಸ್ ಅಂಗಡಿ ಕೊಡೋ 10 ರೂಪಾಯಿಯನ್ನ ಕಳೀಬೇಕು, ಅದು ಹೆಂಗಿದ್ರೂ ಬರೋ ದುಡ್ಡು. 50ಕ್ಕೆ ಮಾರಿದ್ರೆ ನಿಜವಾಗಿ ಹೆಚ್ಚಿಗೆ ಬರೋದು 40. 40ಕ್ಕೆ ಮಾರಿದ್ರೆ 30. ಅಂದ್ರೆ ಹಳೇ ಬೆಲೆಗೆ ಮೂರು ಡಜನ್ ಹೋಗೋ ಕಡೆ ಹೊಸ ಬೆಲೆಗೆ ನಾಲ್ಕು ಹೋದ್ರೆ ಸರಿಸಮ, ಅದಕ್ಕಿಂತ ಹೆಚ್ಚು ಹೋದ್ರೆ ಲಾಭ. 30ಕ್ಕೆ ಇಳಿಸಿದ್ರೆ ಹೆಚ್ಚಿಗೆ ಬರೋದು 20, ಆಗ ಎರಡರಷ್ಟು ಹೋಗಬೇಕು. ಬಂಡಿಯಲ್ಲಿ ಎರಡೇ ಡಜನ್ ಉಳಿದಿದ್ದು ಸಂಜೆ ಎರಡು ಹೋಗೇ ಹೋಗ್ತವೆ ಅಂತಿದ್ರೆ ಇಳಿಸೋ ಮಾತೇ ಇಲ್ಲ, ಚುಕ್ಕೆ ಬಿದ್ದಿದ್ರೂ ಸೈ.

ಈ ಲೆಕ್ಕದಲ್ಲಿ 32 ಅನ್ನೋ ಅಂಕಿ ಎಲ್ಲೂ ಬರಲಿಲ್ಲ, ಗಮನಿಸಿದ್ರಾ? ಕಾಕಾ ತಟ್ಟನೆ ಗಮನಿಸಿದ್ರು. "ಅಸಲು ಎಲ್ಲಿ ಹೋತು?" ಅಂದ್ರು. ಅಲ್ಲಿಗೆ ತೊಗರಿ ಬಂತು ನೋಡಿ.

ಮಳೆ ಹಿಡಿದ ಒಂದು ಸಂಜೆಯ ಲೆಕ್ಕ ಇಟ್ಟುಕೊಂಡು ಇಬ್ಬರೂ ಕೂತ್ವಿ. ಜನ ವಿರಳ, ಬಂಡಿಯಲ್ಲಿ ಚುಕ್ಕೆ ಬಿದ್ದ 8 ಡಜನ್. 40ಕ್ಕೆ ಒಂದು ಡಜನ್ ಹೋಗಿ, ಮಿಕ್ಕ ಏಳು 10ರಂತೆ ಹೋದ್ರೆ 110. 25ಕ್ಕೆ ಇಳಿಸಿ ನಾಲ್ಕು ಹೋದ್ರೆ 100, ಮಿಕ್ಕ ನಾಲ್ಕಕ್ಕೆ 40, ಒಟ್ಟು 140. "ಅಸಲಿಗಿಂತ ಏಳು ರೂಪಾಯಿ ಕೆಳಗ ಹ್ಯಾಂಗ ಕೊಡ್ಲಿ?" ಅಂತ ಕಾಕಾ. ನಾನಂದೆ, "ಕಾಕಾ, ಆ 32 ರೂಪಾಯಿ ಮೊನ್ನೆನೇ ಕಲಬುರಗಿಯೊಳಗ ಹೋತು. ಇವತ್ತು ಸಂಜಿಗೆ ಈ ಹಣ್ಣಿನ ಅಸಲು 10 ರೂಪಾಯಿ. ಜ್ಯೂಸಿನಂವ ಎಷ್ಟು ಕೊಡ್ತಾನ, ಅದೇ ಅಸಲು." ಕಾಕಾ ಬಹಳ ಹೊತ್ತು ಸುಮ್ಮನಿದ್ರು. ಕಾಯೋದರಿಂದ ತೊಗರಿಗೆ ಮುಂದೆ ಒಂದು ಒಳ್ಳೇ ಭಾವ ಬರಬಹುದು, ಅದಕ್ಕೇ ಅಲ್ಲಿ ಅಸಲಿನ ಮಾತಿಗೆ ಅರ್ಥ ಇದೆ. ಚುಕ್ಕೆ ಬಿದ್ದ ಹಣ್ಣಿಗೆ ನಾಳೆ ಬರೋ ಭಾವ ಇವತ್ತಿಗಿಂತ ಕಡಿಮೆಯೇ.

ಈ ವಿಷಯದ ಪಾಠಗಳಲ್ಲಿ 1994ರ ಒಂದು ಪ್ರಬಂಧ ಬಹಳ ಹೆಸರುವಾಸಿ, ಬರೆದವರು ಗ್ಯಾಲೆಗೊ ಮತ್ತು ವ್ಯಾನ್ ರೈಜಿನ್. ಹೊತ್ತು ಕಡಿಮೆ ಆದಂಗೆ ಬೆಲೆ ಇಳೀಬೇಕು, ಸರಕು ಕಡಿಮೆ ಆದಂಗೆ ಏರಬೇಕು ಅಂತ ಅವರು ಗಣಿತದಲ್ಲಿ ತೋರಿಸಿದ್ರು. ಜೊತೆಗೆ ಇನ್ನೊಂದನ್ನೂ ತೋರಿಸಿದ್ರು: ಸರಕು ದೊಡ್ಡದಿದ್ದಾಗ ಸರಿಯಾಗಿ ಆರಿಸಿದ ಒಂದೇ ಬೆಲೆ ಇಟ್ಟರೂ ಹೆಚ್ಚುಕಮ್ಮಿ ಅಷ್ಟೇ ದುಡ್ಡು ಬರ್ತದೆ. ಕಾಕಾಗೆ ಇದನ್ನ ನಾನು ಹೇಳಿದ್ದು ಇಷ್ಟೇ: ಗಂಟೆಗೊಮ್ಮೆ ಬೆಲೆ ತಿದ್ದಬೇಕಿಲ್ಲ, ದಿನಕ್ಕೆ ಒಂದೇ ಸಲ ಇಳಿಸಿ, ಹೊತ್ತು ನೋಡಿ ಇಳಿಸಿ.

ಇದಕ್ಕೆ ಒಂದು ಅಪಾಯವೂ ಇದೆ. ದಿನಾ ನಾಲ್ಕಕ್ಕೆ ಇಳಿಯೋದು ಗೊತ್ತಾದ್ರೆ ಗಿರಾಕಿ ಮೂರೂವರೆಗೆ ಬಂದು ಚಹಾದ ಅಂಗಡಿಯಲ್ಲಿ ಕೂತು ಕಾಯ್ತಾನೆ. ಜಪಾನಿನ ಸೂಪರ್ ಮಾರ್ಕೆಟ್‌ಗಳಲ್ಲಿ ಸಂಜೆ ಅರ್ಧ ಬೆಲೆ ಸ್ಟಿಕ್ಕರ್ ಅಂಟಿಸೋ ಹೊತ್ತಿಗೇ ಜನ ಬಂದು ನಿಲ್ತಾರೆ. ಇದಕ್ಕೆ ಮದ್ದು ಕಾಕಾನ ಹತ್ರಾನೇ ಇತ್ತು. ಅವರು ಇಳಿಸೋದು ಚುಕ್ಕೆ ಬಿದ್ದ ಗುಡ್ಡೆಗೆ ಮಾತ್ರ. ಹೊಸ ಹಣ್ಣು ಬಂಡಿಯ ಆ ಕಡೆ, ಅದರ ಬೆಲೆ ರಾತ್ರಿ ಎಂಟಕ್ಕೂ 50. ಚುಕ್ಕೆ ಬೀಳದ ದಿನ ಯಾವುದೂ ಇಳಿಯಲ್ಲ, ಹಂಗಾಗಿ ಗಡಿಯಾರ ನೋಡಿ ಕಾದವನಿಗೆ ಗ್ಯಾರಂಟಿ ಇಲ್ಲ.

ಎರಡೂ ಗುಡ್ಡೆ ಪಕ್ಕಪಕ್ಕ ಇದ್ರೆ ಎಲ್ಲರೂ ಅಗ್ಗದ್ದನ್ನೇ ಎತ್ತಿಕೊಳ್ಳಲ್ವಾ? ಅದಕ್ಕೆ ಕಾಕಾ ಕೇಳೋದು ಒಂದೇ ಪ್ರಶ್ನೆ: "ಯಾವಾಗ ತಿಂತೀರಿ?" ಪೂಜೆಗೆ, ಉಡಿ ತುಂಬೋಕೆ ಬಂದವರಿಗೆ ಚುಕ್ಕೆ ಇರಬಾರದು, ಅವರು 50ಕ್ಕೇ ಒಯ್ತಾರೆ. ನಾಳೆ ಮಕ್ಕಳ ಡಬ್ಬಿಗೆ ಅಂದವರೂ ಅಷ್ಟೇ. ರಂಜಾನ್ ತಿಂಗಳಲ್ಲಿ ಇಫ್ತಾರಿಗೆ ಒಯ್ಯೋರು ಇನ್ನೊಂದು ತಾಸಿನಲ್ಲಿ ತಿಂತಾರೆ. ಮನೆಯಲ್ಲಿ ಶೀಕರಣಿ ಮಾಡೋರಿಗೆ ಮೆತ್ತಗಿನ ಹಣ್ಣೇ ಛಲೋ, ಬೆಲ್ಲ ಕಡಿಮೆ ಹಿಡೀತದೆ. ಹಿಂಗೆ ಕೇಳಿ ಕೊಟ್ಟಾಗ ಅಗ್ಗದ ಗುಡ್ಡೆ ಹೊಸ ಹಣ್ಣಿನ ಗಿರಾಕಿಯನ್ನ ಅಷ್ಟಾಗಿ ತಿನ್ನಲ್ಲ. ಹಳೇ ಹಣ್ಣನ್ನ ಹೊಸ ಚಿಪ್ಪಿನ ಕೆಳಗೆ ಸೇರಿಸಿ ಕಟ್ಟೋ ಬಂಡಿಗಳೂ ಉಂಟು. ಆ ದಿನಕ್ಕೆ ಅದು ಲಾಭವೇ, ಆದ್ರೆ ಮನೆಗೆ ಹೋಗಿ ಚೀಲ ಬಿಚ್ಚಿದ ಹೆಣ್ಣುಮಗಳು ಮತ್ತೆ ಆ ಬಂಡಿ ಕಡೆ ಬರಲ್ಲ.

ಬೆಲೆ ಇಳಿಸೋದರಿಂದ ಸರಿ ಹೋಗದ ಒಂದು ಸಂಗತಿ ಇದೆ, ಹೆಚ್ಚು ಖರೀದಿ. ಅದಕ್ಕೇ ಪಟ್ಟಿ ಪುಸ್ತಕದಲ್ಲಿ ಒಂದು ಹೊಸ ಸಾಲು ಶುರು ಮಾಡಿಸಿದ್ದೀನಿ: ಮೂರನೇ ದಿನ ಸಂಜೆ ನಾಲ್ಕಕ್ಕೆ ಎಷ್ಟು ಡಜನ್ ಇತ್ತು, ಎಷ್ಟಕ್ಕೆ ಇಳಿಸಿದ್ದು, ರಾತ್ರಿ ಎಷ್ಟು ಉಳೀತು. ಬೆಲೆ ಇಳಿಸಿದ ಮೇಲೂ ಸುತ್ತು ಸುತ್ತಿಗೆ ಮೂರ್ನಾಲ್ಕು ಡಜನ್ ಜ್ಯೂಸ್ ಅಂಗಡಿಗೆ ಹೋಗ್ತಿದ್ರೆ ತಪ್ಪು ಸಂಜೆಯ ಬೆಲೆಯಲ್ಲಿಲ್ಲ, ಬೆಳಗಿನ ಲೋಡಿನಲ್ಲಿದೆ. ಕಾಕಾ ಈ ಬೇಸಿಗೆಗೆ 30ರ ಬದಲು 24 ಡಜನ್ ತರೋಕೆ ಶುರು ಮಾಡಿದ್ದಾರೆ. ಕೆಲವು ದಿನ ಐದು ಗಂಟೆಗೇ ಬಂಡಿ ಖಾಲಿ ಆಗಿ ಗಿರಾಕಿ ಬರಿಗೈಲಿ ಹೋಗ್ತಾರಂತೆ. ಅದು ಅವರಿಗೆ ಇನ್ನೂ ಸಂಕಟ. "ಬಂದ ಗಿರಾಕಿ ಹೊಳ್ಳಿ ಹೋದ್ರ ಹೊಟ್ಟಿ ಉರೀತದ ತಮ್ಮಾ" ಅಂತ ಫೋನಿನಲ್ಲಿ ಅಂತಾರೆ. ಆ ಸಂಕಟಕ್ಕೆ ಎಷ್ಟು ಬೆಲೆ ಅಂತ ತಿಳಿಯೋಕೆ ಹೊಳ್ಳಿ ಹೋದವರ ಲೆಕ್ಕವನ್ನೂ ಈಗ ಅದೇ ಪುಸ್ತಕದಲ್ಲಿ ಬರೀತಿದ್ದಾರೆ.